ಮೊಟ್ಟೆಯೂ ಇಲ್ಲದ ತಟ್ಟೆಯಲ್ಲಿ ಪ್ರೋಟೀನ್, ಕಬ್ಬಿಣ, ಕ್ರಿಯಾಟಿನ್: ಯಾವುದನ್ನು ಎಲ್ಲಿಂದ ಪಡೆಯುವುದು?

ಭಾರ ಎತ್ತುವ ಸಸ್ಯಾಹಾರಿಗಳಿಗೆ ಪ್ರೋಟೀನ್, ಕಬ್ಬಿಣ, ಕ್ರಿಯಾಟಿನ್ ಮೂರೂ ಕಮ್ಮಿ ಬೀಳುತ್ತವೆ ಎಂದು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಆದರೆ ಮೂರರ ಕೊರತೆಯೂ ಒಂದೇ ಬಗೆಯದಲ್ಲ. ಪ್ರೋಟೀನ್ ನಮ್ಮ ಊಟದಲ್ಲಿದೆ, ಪ್ರಮಾಣ ಸಾಲದು. ಕಬ್ಬಿಣ ಪ್ರಮಾಣದಲ್ಲೂ ತಕ್ಕಮಟ್ಟಿಗೆ ಇದೆ, ಆದರೆ ಮೈಗೆ ಹತ್ತುವುದು ಕಡಿಮೆ. ಕ್ರಿಯಾಟಿನ್ ಸಸ್ಯಾಹಾರದಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಇನ್ನೊಂದು ತೊಡಕು ಇವುಗಳ ನಡುವೆಯೇ ಇದೆ: ಪ್ರೋಟೀನಿಗಾಗಿ ಹಾಲು, ಪನೀರ್, ವೇ ಪುಡಿಗಳನ್ನು ದಿನವಿಡೀ ಪ್ರತಿ ಊಟಕ್ಕೂ ಸೇರಿಸುತ್ತ ಹೋದರೆ ಕಬ್ಬಿಣಕ್ಕೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಯಾವ ಪದಾರ್ಥ ಎಂಬುದರ ಜೊತೆಗೆ ಯಾವ ಹೊತ್ತಿಗೆ ಎಂಬುದನ್ನೂ ಆರಿಸಿಕೊಳ್ಳಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಕಚೇರಿ ಕೆಲಸ ಮಾಡುವ, 58 ಕೆಜಿ ತೂಕದ ಮಹಿಳೆ. ವಾರಕ್ಕೆ 4 ದಿನ ಬೆಳಿಗ್ಗೆ 6ಕ್ಕೆ ಜಿಮ್. ಹಾಲು, ಮೊಸರು ಉಂಟು, ಮೊಟ್ಟೆ ಇಲ್ಲ. ಮಹಿಳೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ ಗಂಡಸರಿಗೆ ದಿನಕ್ಕೆ 19 ಮಿ.ಗ್ರಾಂ ಕಬ್ಬಿಣ, ಹೆಂಗಸರಿಗೆ 29 ಮಿ.ಗ್ರಾಂ. ಮುಟ್ಟಿನಲ್ಲಿ ಹೋಗುವುದನ್ನೂ ತುಂಬಿಕೊಳ್ಳಬೇಕಾದ್ದರಿಂದ ಅವರ ಲೆಕ್ಕವೇ ಹೆಚ್ಚು ಬಿಗಿ.

ಮೊದಲು ಪ್ರೋಟೀನ್: 40 ಗ್ರಾಂ ಎಲ್ಲಿಂದ ತರುವುದು?

ಸಾಮಾನ್ಯ ಜೀವನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಸ್ನಾಯು ಬೆಳೆಸಲು ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂ ಬೇಕು. ಅದನ್ನು ದಾಟಿದ ಮೇಲೆ ಹೆಚ್ಚಿನವರಿಗೆ ಸಿಗುವ ಲಾಭ ತೀರ ಸಣ್ಣದು. ಪ್ರೋಟೀನಿನ ಬಹುಪಾಲು ಬೇಳೆಕಾಳುಗಳಿಂದಲೇ ಬರುವುದಾದರೆ 1.8 ಎಂದು ಹಿಡಿಯುವುದು ಒಳ್ಳೆಯದು, ಏಕೆಂದರೆ ಬೇಳೆಯ ಪ್ರೋಟೀನ್ ಹಾಲಿನದಷ್ಟು ಪೂರ್ತಿ ಜೀರ್ಣವಾಗುವುದಿಲ್ಲ. ನಮ್ಮ ಉದಾಹರಣೆಗೆ 58ನ್ನು 1.6ರಿಂದ ಗುಣಿಸಿದರೆ 93 ಗ್ರಾಂ.

ಈಗಿನ ಊಟದಲ್ಲಿ ಎಷ್ಟಿದೆ? ತಿಂಡಿಗೆ 3 ಇಡ್ಲಿ, ಸಾಂಬಾರ್: 9 ಗ್ರಾಂ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ತೊಗರಿಬೇಳೆ ಬಿದ್ದ ಹುಳಿ, ಪಲ್ಯ, ಒಂದು ಬಟ್ಟಲು ಮೊಸರು: 21 ಗ್ರಾಂ. ಎರಡು ಹೊತ್ತಿನ ಕಾಫಿ ಮತ್ತು ರಾತ್ರಿಯ ಲೋಟ ಸೇರಿ 300 ಮಿ.ಲೀ. ಹಾಲು: 10 ಗ್ರಾಂ. ರಾತ್ರಿ 3 ಚಪಾತಿ, ಪಲ್ಯ, ಸ್ವಲ್ಪ ಬೇಳೆ: 14 ಗ್ರಾಂ. ಒಟ್ಟು 54. ಅಂದರೆ ಸುಮಾರು 40 ಗ್ರಾಂ ಕಮ್ಮಿ.

ಇಲ್ಲಿಯೇ ಹೆಚ್ಚಿನವರ ಲೆಕ್ಕ ತಪ್ಪುವುದು. ತೊಗರಿಬೇಳೆಯಲ್ಲಿ ನೂರಕ್ಕೆ 22 ಗ್ರಾಂ ಪ್ರೋಟೀನ್ ಎಂದು ಓದಿ, ಬಟ್ಟಲಿಗೆ ಬಡಿಸಿಕೊಂಡ ಹುಳಿಯನ್ನೇ ತೂಗಿ ಲೆಕ್ಕ ಹಾಕುತ್ತಾರೆ. ಆ 22 ಗ್ರಾಂ ಇರುವುದು ಹಸಿ, ಒಣ ಬೇಳೆಯಲ್ಲಿ. ತಿಳಿಸಾರಿನ ಬಟ್ಟಲಿನಲ್ಲಿ ಒಂದೆರಡು ಗ್ರಾಂ ಇದ್ದರೆ ಹೆಚ್ಚು. ಮನೆಮಂದಿಗೆಲ್ಲ ಒಂದೇ ಕುಕ್ಕರಿನಲ್ಲಿ ಬೇಯುವುದಾದರೆ, ಹಾಕುವ ಮೊದಲೇ ಒಣ ಬೇಳೆಯನ್ನು ತೂಗಿ ತಲೆಗೆ ಎಷ್ಟು ಬಂತು ಎಂದು ಭಾಗಿಸಿಕೊಳ್ಳಿ.

ಉಳಿದ 40 ಗ್ರಾಂ ತುಂಬಿಸಲು ಒಂದೊಂದೇ ಪದಾರ್ಥವನ್ನು ನೆಚ್ಚಿಕೊಂಡರೆ ಏನಾಗುತ್ತದೆ ನೋಡಿ:

| ಪದಾರ್ಥ | 40 ಗ್ರಾಂ ಪ್ರೋಟೀನಿಗೆ ಬೇಕಾದದ್ದು | ಜೊತೆಗೆ ಬರುವ ಕ್ಯಾಲೊರಿ, ಸುಮಾರು |
|---|---|---|
| ಒಣ ತೊಗರಿಬೇಳೆ | 185 ಗ್ರಾಂ | 600 |
| ಕಡಲೆಕಾಯಿ ಬೀಜ | 170 ಗ್ರಾಂ | 950 |
| ಪನೀರ್ | 210 ಗ್ರಾಂ | 600 |
| ಒಣ ಸೋಯಾ ಚಂಕ್ಸ್ | 77 ಗ್ರಾಂ | 265 |
| ವೇ ಪುಡಿ | 50 ಗ್ರಾಂ | 200 |

ಕಡಲೆಕಾಯಿ ಬೀಜವನ್ನು ಪ್ರೋಟೀನ್ ಎಂದು ತಿನ್ನುವುದನ್ನು ಬಿಡಬೇಕು ಎಂಬುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ. ಅದು ಒಳ್ಳೆಯ ಆಹಾರ, ಆದರೆ ಮೊದಲು ಕೊಬ್ಬು, ಆಮೇಲೆ ಪ್ರೋಟೀನ್. ತೂಕ ಏರಿಸಬೇಕಾದ ತೆಳ್ಳನೆಯ ಹುಡುಗರಿಗೆ ಸರಿ. ಈಗ ತಿನ್ನುವುದಕ್ಕಿಂತ ಇನ್ನೂ 185 ಗ್ರಾಂ ಬೇಳೆ ಹೆಚ್ಚಿಸಿದರೆ ಮೂರನೆಯ ದಿನಕ್ಕೆ ಹೊಟ್ಟೆ ಉಬ್ಬರಿಸಿ ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ಬೇಳೆಯನ್ನು ವಾರಕ್ಕೆ 10 ಗ್ರಾಮಿನಂತೆ ಏರಿಸುತ್ತ ದಿನಕ್ಕೆ 60-70 ಗ್ರಾಮಿಗೆ ನಿಲ್ಲಿಸುವುದು ಹೆಚ್ಚಿನವರಿಗೆ ಒಗ್ಗುತ್ತದೆ.

ಹಾಗಾಗಿ ನಿಜವಾದ ಸ್ಪರ್ಧೆ ಸೋಯಾ ಚಂಕ್ಸ್, ಪನೀರ್, ವೇ ಈ ಮೂರರ ನಡುವೆ.

ಸೋಯಾ ಚಂಕ್ಸ್, ಅಂದರೆ ಅಂಗಡಿಯಲ್ಲಿ ಮೀಲ್ ಮೇಕರ್ ಎಂದು ಕೇಳುವ ಉಂಡೆ, ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ್ದು. ನೂರು ಗ್ರಾಂ ಒಣ ಉಂಡೆಯಲ್ಲಿ 52 ಗ್ರಾಂ ಪ್ರೋಟೀನ್. ರೂಪಾಯಿಗೆ ಸಿಗುವ ಪ್ರೋಟೀನ್ ಲೆಕ್ಕದಲ್ಲಿ ಇದನ್ನು ಮೀರಿಸುವುದು ಕಷ್ಟ. ಬೇಳೆಯ ತಪ್ಪೇ ಇಲ್ಲೂ ಆಗುತ್ತದೆ: ನೆನೆದ ಉಂಡೆ ನೀರು ಕುಡಿದು ಮೂರು ಪಟ್ಟು ತೂಗುತ್ತದೆ, ಆಗ ನೂರು ಗ್ರಾಮಿನಲ್ಲಿ ಉಳಿಯುವುದು 17 ಗ್ರಾಂ ಆಸುಪಾಸು ಮಾತ್ರ. ಒಣಗಿದ್ದಾಗಲೇ ತೂಗಿ. ಹಸಿವಾಸನೆ ಆಗದವರು ಉಪ್ಪು ಹಾಕಿದ ಕುದಿನೀರಿನಲ್ಲಿ 6-8 ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ಹಿಂಡಿ, ಇನ್ನೊಮ್ಮೆ ತಣ್ಣೀರಿನಲ್ಲಿ ತೊಳೆದು ಹಿಂಡಬೇಕು. ಎರಡನೆಯ ಹಿಂಡುವಿಕೆ ಬಿಟ್ಟರೆ ಮಸಾಲೆ ಒಳಗಿಳಿಯುವುದಿಲ್ಲ, ವಾಸನೆಯೂ ಹೋಗುವುದಿಲ್ಲ. ಗಂಡಸರ ಹಾರ್ಮೋನು ಕೆಡುತ್ತದೆ ಎಂಬ ಭಯ ಬೇಡ. ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಟೆಸ್ಟೋಸ್ಟಿರಾನ್ ಇಳಿದದ್ದು ಕಂಡಿಲ್ಲ. ಆದರೆ ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು; ಸೋಯಾ ಆ ಮಾತ್ರೆ ಹೀರಿಕೆಯಾಗುವುದನ್ನು ತಡೆಯುತ್ತದೆ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ.

ಪನೀರಿನ ಪ್ರೋಟೀನ್ ಗುಣದಲ್ಲಿ ಉತ್ತಮ, ತಿನ್ನಲೂ ಹಿತ. ಆದರೆ ನೂರು ಗ್ರಾಮಿನಲ್ಲಿ 18-19 ಗ್ರಾಂ ಪ್ರೋಟೀನಿನ ಜೊತೆ 20 ಗ್ರಾಂ ಅಥವಾ ಅದಕ್ಕೂ ಹೆಚ್ಚು ಕೊಬ್ಬು ಬರುತ್ತದೆ, ಕಬ್ಬಿಣವಂತೂ ಇಲ್ಲವೆನ್ನುವಷ್ಟು. ದಿನಕ್ಕೆ ನೂರು ಗ್ರಾಮಿಗೆ ಇಟ್ಟುಕೊಳ್ಳುವುದು ಲೇಸು. ಬಿಡಿಯಾಗಿ ಕತ್ತರಿಸಿ ಕೊಡುವ ಅಗ್ಗದ ಪನೀರಿನಲ್ಲಿ ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆ ಇರಬಹುದು. ಪ್ಯಾಕೆಟ್ಟಿನದಾದರೆ ‘ಅನಲಾಗ್’ ಎಂಬ ಪದ ಇದೆಯೇ, ಪ್ರೋಟೀನ್ ಎಷ್ಟು ಬರೆದಿದೆ ಎಂದು ಓದಬಹುದು.

ವೇ ಎಂದರೆ ಹಾಲು ಒಡೆದಾಗ ಬಿಡುವ ತಿಳಿನೀರಿನ ಪ್ರೋಟೀನ್. ಕಾನ್ಸಂಟ್ರೇಟ್ ಮತ್ತು ಐಸೊಲೇಟ್ ಎಂದು ಎರಡು ಬಗೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನದವರು ಐಸೊಲೇಟಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಅದರ ಮುಖ್ಯ ಅನುಕೂಲ ಲ್ಯಾಕ್ಟೋಸ್ ಕಡಿಮೆ ಇರುವುದು. ಕೊಳ್ಳುವಾಗ ಸ್ಕೂಪಿನ ತೂಕವನ್ನೂ ಅದರ ಪ್ರೋಟೀನನ್ನೂ ಒಟ್ಟಿಗೆ ನೋಡಿ. 33 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಇದ್ದರೆ ಸರಿ. 45 ಗ್ರಾಂ ಸ್ಕೂಪಿನಲ್ಲಿ 24 ಎಂದರೆ ಉಳಿದದ್ದು ಸಕ್ಕರೆ, ಹಿಟ್ಟು. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್, ಕ್ರಿಯಾಟಿನ್ ಬಿಡಿಬಿಡಿಯಾಗಿ ಸೇರಿಸಿದ್ದು ಕಂಡರೆ ಅದನ್ನು ಬಿಟ್ಟು ಮುಂದೆ ಹೋಗಿ. ಪ್ರೋಟೀನ್ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಈ ಅಗ್ಗದ ಪುಡಿಗಳಲ್ಲಿ ಸಾರಜನಕ ಇರುವುದರಿಂದ ನಿಜವಾದ ಪ್ರೋಟೀನ್ ಕಡಿಮೆ ಇದ್ದರೂ ಅಂಕಿ ಹೆಚ್ಚು ತೋರುತ್ತದೆ. ಹಸಿರು ಚುಕ್ಕೆ, 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಎರಡೂ ಇರಬೇಕು.

ನಮ್ಮ ಉದಾಹರಣೆಗೆ ತೀರ್ಮಾನ: ಒಂದು ಸ್ಕೂಪ್ ವೇ, 24 ಗ್ರಾಂ, 30 ಗ್ರಾಂ ಒಣ ಸೋಯಾ ಚಂಕ್ಸ್, 15.6 ಗ್ರಾಂ. ಅಲ್ಲಿಗೆ 40 ತುಂಬಿತು. ಪುಡಿಯೇ ಬೇಡ ಎನ್ನುವವರು 40 ಗ್ರಾಂ ಸೋಯಾ ಮತ್ತು 100 ಗ್ರಾಂ ಪನೀರ್ ತಿಂದರೂ ಅಲ್ಲಿಗೇ ಬರುತ್ತಾರೆ, ಸುಮಾರು 200 ಕ್ಯಾಲೊರಿ ಹೆಚ್ಚಾಗುತ್ತದೆ ಅಷ್ಟೆ. ಎರಡರಲ್ಲಿ ಯಾವುದಾದರೂ ಸರಿ. ಒಂದನ್ನು ಮಾತ್ರ ಗಮನಿಸಿ: 9 ಗ್ರಾಮಿನ ಇಡ್ಲಿ ತಿಂಡಿಯ ಹೊತ್ತಿಗೆ ಕೊರತೆ ದೊಡ್ಡದಿದೆ, ಆದ್ದರಿಂದ ಸೇರಿಸುವುದರಲ್ಲಿ ಒಂದು ಪಾಲು ಬೆಳಗಿನ ಹೊತ್ತಿಗೇ ಬರಲಿ.

ಕಬ್ಬಿಣ: ತಿನ್ನುವುದಕ್ಕಿಂತ ಜೋಡಿಸುವುದು ಮುಖ್ಯ

ಹುರುಳಿಕಾಳಿನಲ್ಲಿ ನೂರು ಗ್ರಾಮಿಗೆ 8.8 ಮಿ.ಗ್ರಾಂ ಕಬ್ಬಿಣವಿದೆ. ಹೆಸರುಕಾಳು, ಅಲಸಂದೆಗಳಲ್ಲಿ 5ರ ಆಸುಪಾಸು, ರಾಗಿಯಲ್ಲಿ 4.6. ಪಾಲಕ್ ಸೊಪ್ಪಿನಲ್ಲಿ 3ರ ಒಳಗೆ. ಸೊಪ್ಪಿಗಿಂತ ಕಾಳನ್ನು ನಂಬುವುದು ಮೇಲು. ಬೆಲ್ಲವನ್ನು ಕಬ್ಬಿಣಕ್ಕಾಗಿ ತಿನ್ನುವುದು ವ್ಯರ್ಥ; ಒಂದು ಅಚ್ಚಿನಲ್ಲಿ ಸಿಗುವುದು ಅತ್ಯಲ್ಪ, ಸಕ್ಕರೆಯೇ ಹೆಚ್ಚು.

ಗಿಡದ ಕಬ್ಬಿಣವನ್ನು ಕರುಳು ಹೀರಿಕೊಳ್ಳುವುದು ಜೊತೆಗೇನಿದೆ ಎಂಬುದರ ಮೇಲೆ ನಿಂತಿದೆ. ತಡೆಯುವುದರಲ್ಲಿ ಮೊದಲನೆಯದು ಕಾಫಿ, ಟೀ. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಹೀರಿಕೆ ಸುಮಾರು 40 ಶೇಕಡಾ ಇಳಿದದ್ದು, ಟೀಗೆ 60 ಶೇಕಡಾ ದಾಟಿದ್ದು 1983ರ ಒಂದು ಪ್ರಯೋಗದಲ್ಲಿ ಕಂಡಿತು. ಅದೇ ಪ್ರಯೋಗದ ಇನ್ನೊಂದು ಅಂಶ ನಮಗೆ ಹೆಚ್ಚು ಉಪಯುಕ್ತ: ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ, ಊಟವಾಗಿ ಒಂದು ಗಂಟೆಯ ನಂತರ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ಕೆಡಿಸಿತು. ಆದ್ದರಿಂದ ಎದ್ದಕೂಡಲೇ ಕುಡಿಯುವ ಫಿಲ್ಟರ್ ಕಾಫಿಯನ್ನು ಬಿಡಬೇಕಿಲ್ಲ. ಬಿಡಬೇಕಾದದ್ದು ತಿಂಡಿಯ ಮೇಲಿನ ಲೋಟವನ್ನು.

ಎರಡನೆಯ ಅಡ್ಡಿ ಕಾಳುಗಳಲ್ಲಿರುವ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತು. ಸೋಯಾ ಚಂಕ್ಸ್ ಪ್ಯಾಕೆಟ್ಟಿನಲ್ಲಿ ನೂರು ಗ್ರಾಮಿಗೆ 20 ಮಿ.ಗ್ರಾಂ ಕಬ್ಬಿಣ ಎಂದು ಬರೆದಿದ್ದರೂ ಅದರಲ್ಲಿ ಮೈಗೆ ಸೇರುವುದು ಸಣ್ಣ ಪಾಲು ಎನ್ನುವುದಕ್ಕೆ ಇದೇ ಕಾರಣ. ಮೊಳಕೆ ಬಂದಾಗ, ಹಿಟ್ಟು ಹುದುಗಿದಾಗ ಫೈಟೇಟ್ ಕರಗುತ್ತ ಹೋಗುತ್ತದೆ. ಹುರುಳಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ 24-36 ಗಂಟೆ ಇಟ್ಟು, ಮೊಳಕೆ ಒಂದು ಸೆಂಟಿಮೀಟರ್ ಬಂದ ಮೇಲೆ ಬೇಯಿಸುವ ನಮ್ಮ ಪದ್ಧತಿ ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ.

ಈ ಅಡ್ಡಿಗಳನ್ನು ಮೀರಿಸುವ ಶಕ್ತಿ ವಿಟಮಿನ್ ಸಿಗೆ ಇದೆ, ಆದರೆ ಅದೇ ಊಟದಲ್ಲಿ ಇದ್ದರೆ ಮಾತ್ರ. ಒಂದು ಸಣ್ಣ ಸೀಬೆಹಣ್ಣು ಅಥವಾ ಒಂದು ಬೆಟ್ಟದ ನೆಲ್ಲಿಕಾಯಿ ಸಾಕಷ್ಟಾಯಿತು. ಅರ್ಧ ನಿಂಬೆಹಣ್ಣಿನಲ್ಲಿ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ, ಕುದಿಯುವ ಪಲ್ಯಕ್ಕೆ ಹಿಂಡಿದರೆ ಅದೂ ನಾಶ. ಒಲೆ ಆರಿಸಿದ ಮೇಲೆ ಹಿಂಡಿ. ಹುಣಸೆಹುಳಿ ನಿಂಬೆಯ ಬದಲಿಯಲ್ಲ, ಅದರಲ್ಲಿ ವಿಟಮಿನ್ ಸಿ ನಗಣ್ಯ. ಹಾಗಿದ್ದರೂ ಹುಳಿ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಬಾಣಲೆಯ ಕಬ್ಬಿಣವೇ ಒಂದಷ್ಟು ಬಿಟ್ಟುಕೊಳ್ಳುತ್ತದೆ.

ಹಾಲು, ಮೊಸರು, ಪನೀರಿನ ಕ್ಯಾಲ್ಸಿಯಂ ಕೂಡ ಆ ಹೊತ್ತಿನ ಕಬ್ಬಿಣವನ್ನು ತಡೆಯುತ್ತದೆ. ಇದನ್ನು ಅತಿಯಾಗಿ ಹಚ್ಚಿಕೊಳ್ಳಬೇಡಿ. ತಿಂಗಳುಗಟ್ಟಲೆ ನೋಡಿದಾಗ ಅದರ ಪರಿಣಾಮ ಕಾಫಿ, ಟೀಯಷ್ಟು ದೊಡ್ಡದಲ್ಲ. ಮಧ್ಯಾಹ್ನದ ಮೊಸರನ್ನವನ್ನು ಬಿಡಬೇಕಿಲ್ಲ. ದಿನದಲ್ಲಿ ಒಂದು ಊಟವನ್ನು ಮಾತ್ರ ಹಾಲು, ಕಾಫಿಗಳಿಂದ ಪೂರ್ತಿ ಬಿಡಿಸಿ ಕಬ್ಬಿಣಕ್ಕೆ ಮೀಸಲಿಟ್ಟರೆ ಸಾಕು.

ಊಟವೇ ಸಾಕೋ, ಮಾತ್ರೆ ಬೇಕೋ ಎಂಬುದನ್ನು ನಿರ್ಧರಿಸಬೇಕಾದದ್ದು ರಕ್ತಪರೀಕ್ಷೆ. ಹೀಮೋಗ್ಲೋಬಿನ್ ಒಂದನ್ನೇ ನೋಡುವುದು ಇಲ್ಲಿನ ಸಾಮಾನ್ಯ ತಪ್ಪು. ಅದು ಇಳಿಯುವುದು ಕೊನೆಗೆ. ಮೈಯಲ್ಲಿನ ಕಬ್ಬಿಣದ ದಾಸ್ತಾನು ಬರಿದಾಗುವುದು, ಅದನ್ನು ಕೂಡಿಡುವ ಪ್ರೋಟೀನಾದ ಫೆರಿಟಿನ್‌ನಲ್ಲಿ ಮೊದಲೇ ಕಾಣುತ್ತದೆ. ನಮ್ಮ ಉದಾಹರಣೆಯ ಮಹಿಳೆಯ ಹೀಮೋಗ್ಲೋಬಿನ್ 12.4, ಫೆರಿಟಿನ್ 11 ಎಂದುಕೊಳ್ಳಿ. 12ರ ಮೇಲಿದೆ ಎಂದು ವರದಿಯಲ್ಲಿ ಯಾವ ಗುರುತೂ ಬೀಳುವುದಿಲ್ಲ. ಆದರೆ ಫೆರಿಟಿನ್ 15ರ ಕೆಳಗಿದ್ದರೆ ದಾಸ್ತಾನು ಖಾಲಿಯೆಂದೇ ಅರ್ಥ. ಸ್ಕ್ವಾಟ್‌ನ ಕೊನೆಯ ಸೆಟ್ಟುಗಳಲ್ಲಿ ಬೇಗ ಉಸಿರು ಕಟ್ಟುವುದು, ಎರಡು ನಿಮಿಷದ ವಿಶ್ರಾಂತಿ ನಾಲ್ಕಕ್ಕೆ ಹೋಗುವುದು ಇಂಥವರಲ್ಲಿ ಕಾಣುತ್ತದೆ. ಜ್ವರ, ಸೋಂಕು, ಹಿಂದಿನ ದಿನದ ಭಾರಿ ವ್ಯಾಯಾಮಗಳಿಂದ ಫೆರಿಟಿನ್ ಸುಳ್ಳಾಗಿ ಏರಬಹುದು, ಆದ್ದರಿಂದ ಒಂದೆರಡು ದಿನ ವಿಶ್ರಾಂತಿಯ ನಂತರ ರಕ್ತ ಕೊಡಿ.

ಅದೇ ವರದಿಯಲ್ಲಿ ಎಂಸಿವಿ, ಅಂದರೆ ಕೆಂಪುಕಣದ ಗಾತ್ರವನ್ನೂ ನೋಡಿ. ಕಣ ಬಹಳ ಚಿಕ್ಕದಿದ್ದು ಫೆರಿಟಿನ್ ಸರಿಯಿದ್ದರೆ ಅದು ಥಲಸೀಮಿಯಾ ಲಕ್ಷಣವಾಹಕತೆ ಇರಬಹುದು. ಅದಕ್ಕೆ ಕಬ್ಬಿಣ ನುಂಗಿ ಪ್ರಯೋಜನವಿಲ್ಲ, ವೈದ್ಯರು ಬೇರೆ ಪರೀಕ್ಷೆ ಬರೆಯುತ್ತಾರೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯೂ ಸಾಮಾನ್ಯ. ಬಿ12 ಕಮ್ಮಿಯಾದರೆ ಕಣ ದೊಡ್ಡದಾಗುತ್ತದೆ, ಕಬ್ಬಿಣ ಕಮ್ಮಿಯಾದರೆ ಚಿಕ್ಕದಾಗುತ್ತದೆ. ಎರಡೂ ಸೇರಿದಾಗ ಗಾತ್ರ ಸಹಜವಾಗಿ ಕಂಡು ಎರಡೂ ಮರೆಯಾಗುತ್ತವೆ. ಆದ್ದರಿಂದ ಬಿ12 ಅನ್ನೂ ಒಟ್ಟಿಗೆ ಪರೀಕ್ಷಿಸುವುದು ಒಳ್ಳೆಯದು.

ಫೆರಿಟಿನ್ 40ರ ಮೇಲಿದ್ದರೆ ಊಟದ ಜೋಡಣೆ ಸಾಕು. 15ರ ಕೆಳಗಿದ್ದರೆ ಊಟದಿಂದಲೇ ತುಂಬಿಸಲು ಬಹಳ ಕಾಲ ಹಿಡಿಯುತ್ತದೆ, ವೈದ್ಯರ ಬಳಿ ಮಾತ್ರೆ ಬರೆಸಿಕೊಳ್ಳಬೇಕು. ನಡುವೆ ಇರುವವರು ಮೂರು ತಿಂಗಳು ಊಟ ಸರಿಪಡಿಸಿ ಮತ್ತೆ ನೋಡಬಹುದು. ಒಮ್ಮೆ ಮಾತ್ರೆ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದ ಹೀರಿಕೆಯನ್ನು ತಗ್ಗಿಸುತ್ತದೆ. ಹೀಗಾಗಿ ದಿನ ಬಿಟ್ಟು ದಿನ ನುಂಗಿದರೆ ಪ್ರತಿ ಮಾತ್ರೆಯಿಂದಲೂ ಹೆಚ್ಚು ಪಾಲು ಸೇರುತ್ತದೆ, ಮಲಬದ್ಧತೆಯೂ ಕಡಿಮೆ. ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ವ್ಯಾಯಾಮವೂ ಇದೇ ಹಾರ್ಮೋನನ್ನು ಏರಿಸುತ್ತದೆ, ಮುಗಿದ 3ರಿಂದ 6 ಗಂಟೆಯ ನಡುವೆ ಹೆಚ್ಚು. ಮಾತ್ರೆಯನ್ನು ಜಿಮ್ಮಿಲ್ಲದ ದಿನದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನಿಂಬೆ ನೀರಿನೊಂದಿಗೆ ತೆಗೆದುಕೊಳ್ಳುವುದು ಅನುಕೂಲ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ.

ಕ್ರಿಯಾಟಿನ್: ಇಲ್ಲಿ ಪುಡಿ ಬಿಟ್ಟರೆ ದಾರಿಯಿಲ್ಲ

ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳ ಶಕ್ತಿಯನ್ನು ಮತ್ತೆ ಮತ್ತೆ ತುಂಬಿಕೊಡುವುದು ಸ್ನಾಯುವಿನ ಕ್ರಿಯಾಟಿನ್. ದೇಹವೇ ದಿನಕ್ಕೆ ಸುಮಾರು ಒಂದು ಗ್ರಾಂ ತಯಾರಿಸಿಕೊಳ್ಳುತ್ತದೆ. ಉಳಿದದ್ದು ಮಾಂಸ, ಮೀನಿನಿಂದ ಬರಬೇಕು. ಹಾಲಿನಲ್ಲಿ ಇರುವುದು ಗುರುತಿಗೆ ಮಾತ್ರ, ಕಾಳುಗಳಲ್ಲಿ ಇಲ್ಲ. ಇಲ್ಲದಿದ್ದರೆ ಕಾಯಿಲೆಯೇನೂ ಬರುವುದಿಲ್ಲ, ಆದರೆ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ದಾಸ್ತಾನು ಕಡಿಮೆ ಇರುತ್ತದೆ. ತುಂಬದ ಪಾತ್ರೆಗೆ ಹೆಚ್ಚು ಹಿಡಿಸುವಂತೆ, ಪುಡಿ ತೆಗೆದುಕೊಂಡಾಗ ಇವರ ದಾಸ್ತಾನೇ ಹೆಚ್ಚು ಏರುತ್ತದೆ. ನಮ್ಮ ದೃಷ್ಟಿಯಲ್ಲಿ ಸಸ್ಯಾಹಾರಿ ಒಂದೇ ಒಂದು ಪೂರಕಕ್ಕೆ ದುಡ್ಡು ಹಾಕುವುದಾದರೆ ಅದು ವೇ ಅಲ್ಲ, ಇದು. ವೇಗೆ ಊಟದಲ್ಲಿ ಬದಲಿ ಇದೆ, ಇದಕ್ಕಿಲ್ಲ.

ಬಗೆಗಳಲ್ಲಿ ಮೊನೊಹೈಡ್ರೇಟನ್ನೇ ಆರಿಸಿ. ಹೈಡ್ರೋಕ್ಲೋರೈಡ್, ಬಫರ್ಡ್ ಎಂದು ಮಾರುವವು ಹೆಚ್ಚು ಬೆಲೆಯವು, ಹೆಚ್ಚು ಗುಣದವೆಂದು ತೋರಿಸಿಲ್ಲ. ಈಥೈಲ್ ಎಸ್ಟರ್ ಇನ್ನೂ ಕಡೆ, ದೇಹದಲ್ಲಿ ಬೇಗ ಒಡೆದುಹೋಗುತ್ತದೆ. ಪುಡಿಯನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುವುದರಿಂದ ಅದು ಮಾಂಸದಿಂದ ಬಂದದ್ದಲ್ಲ. ಕ್ಯಾಪ್ಸೂಲಿನ ಹೊದಿಕೆ ಮಾತ್ರ ಜೆಲಾಟಿನ್ ಆಗಿರಬಹುದು.

ದಿನಕ್ಕೆ 3ರಿಂದ 5 ಗ್ರಾಂ, ಜಿಮ್ ಇಲ್ಲದ ದಿನವೂ. 3 ಗ್ರಾಮಿನಲ್ಲಿ ಸ್ನಾಯು ತುಂಬಲು ಸುಮಾರು ನಾಲ್ಕು ವಾರ ಬೇಕು. 20 ಗ್ರಾಮನ್ನು ನಾಲ್ಕು ಪಾಲಾಗಿ 5-7 ದಿನ ತೆಗೆದುಕೊಂಡರೆ ಒಂದೇ ವಾರದಲ್ಲಿ ತುಂಬುತ್ತದೆ, ಆದರೆ ಹಲವರಿಗೆ ಬೇಧಿಯಾಗುತ್ತದೆ. ಸ್ಪರ್ಧೆಯ ತುರ್ತು ಇಲ್ಲದವರಿಗೆ ನಿಧಾನದ ದಾರಿಯೇ ಸರಿ. ತಣ್ಣೀರಿನಲ್ಲಿ ಇದು ಸುಲಭವಾಗಿ ಕರಗುವುದಿಲ್ಲ, ಲೋಟದ ತಳದಲ್ಲಿ ಮರಳಿನಂತೆ ಕೂರುತ್ತದೆ. ಒಂದು ದೊಡ್ಡ ಲೋಟ ಬೆಚ್ಚಗಿನ ನೀರಿನಲ್ಲಿ ಕಲಕಿ ಆಗಲೇ ಕುಡಿಯಿರಿ. ಕಲಸಿ ದಿನಗಟ್ಟಲೆ ಇಟ್ಟರೆ ಕ್ರಿಯಾಟಿನಿನ್ ಎಂಬ ಬೇರೆಯೇ ವಸ್ತುವಾಗಿ ಕೆಡುತ್ತದೆ.

ಮೊದಲ ವಾರಗಳಲ್ಲಿ ತೂಕ ಒಂದೆರಡು ಕೆಜಿ ಏರಬಹುದು. ಅದು ಸ್ನಾಯುವಿನೊಳಗಿನ ನೀರು, ಕೊಬ್ಬಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ತುಸು ಹೆಚ್ಚು ಬಂದು ಮೂತ್ರಪಿಂಡದ ಆತಂಕ ಹುಟ್ಟಬಹುದು. ಪುಡಿ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಿ. ಅನುಮಾನವಿದ್ದರೆ ಅದರಿಂದ ಬದಲಾಗದ ಸಿಸ್ಟಾಟಿನ್ ಸಿ ಪರೀಕ್ಷೆ ಇದೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಮೂರನ್ನೂ ಒಂದು ದಿನದಲ್ಲಿ ಕೂರಿಸುವುದು

ಬೆಳಿಗ್ಗೆ 5.30ಕ್ಕೆ ಫಿಲ್ಟರ್ ಕಾಫಿ, ಒಂದು ಬಾಳೆಹಣ್ಣು. 7.15ಕ್ಕೆ ಜಿಮ್ ಮುಗಿಸಿ ನೀರಿನಲ್ಲಿ ವೇ, ಅದಕ್ಕೇ 3 ಗ್ರಾಂ ಕ್ರಿಯಾಟಿನ್. 8.30ಕ್ಕೆ ಇಡ್ಲಿ, ಸಾಂಬಾರ್. ಮೇಲೆ ಕಾಫಿ ಇಲ್ಲ. ಮಧ್ಯಾಹ್ನ ಎಂದಿನ ಅನ್ನ, ಹುಳಿ, ಪಲ್ಯ, ಮೊಸರು. ವ್ಯಾಯಾಮದ ನಂತರ ಹೆಪ್ಸಿಡಿನ್ ಏರಿರುವ ಹೊತ್ತೂ ಅದೇ ಆಗಿರುವುದರಿಂದ ಮೊಸರನ್ನು ಅಲ್ಲಿಗೆ ಹಾಕುವುದರಿಂದ ನಷ್ಟ ಕಡಿಮೆ. ಸಂಜೆ 4.30ಕ್ಕೆ ಎರಡನೆಯ ಕಾಫಿ.

ರಾತ್ರಿ 8.30ರದು ಕಬ್ಬಿಣದ ಊಟ: 3 ಚಪಾತಿ, 30 ಗ್ರಾಂ ಹುರುಳಿಯ ಮೊಳಕೆ ಸಾರು, ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ ಹಾಕಿ ಹುರಿದ 30 ಗ್ರಾಂ ಸೋಯಾ ಚಂಕ್ಸ್, ಇಳಿಸಿದ ಮೇಲೆ ನಿಂಬೆರಸ, ಕೊನೆಗೆ ಒಂದು ಸೀಬೆಹಣ್ಣು. ಈ ಒಂದು ಊಟದಲ್ಲೇ ಸುಮಾರು 12 ಮಿ.ಗ್ರಾಂ ಕಬ್ಬಿಣ, 31 ಗ್ರಾಂ ಪ್ರೋಟೀನ್. ಮಲಗುವ ಮುಂಚಿನ ಹಾಲಿನ ಲೋಟ ಇಲ್ಲಿಂದ ಹೋಗಬೇಕು. ಬೇಕೆನಿಸಿದರೆ ಸಂಜೆಗೆ ತನ್ನಿ. ದಿನದ ಪ್ರೋಟೀನ್ 92 ಗ್ರಾಮಿಗೆ ಬರುತ್ತದೆ.

ಫೆರಿಟಿನ್ 11 ಇರುವ ಈ ಮಹಿಳೆಗೆ ಊಟ ಇಷ್ಟು ಸರಿಯಾದರೂ ಮಾತ್ರೆ ಬೇಕೇ ಬೇಕು. 12 ವಾರಗಳ ನಂತರ ಅದೇ ಪ್ರಯೋಗಾಲಯದಲ್ಲಿ, ವಿಶ್ರಾಂತಿಯ ದಿನವೇ ಮತ್ತೆ ರಕ್ತ ಕೊಟ್ಟು ನೋಡಬೇಕು. ಮಾತ್ರೆ ತಪ್ಪದೆ ನುಂಗಿದರೂ ಅಂಕಿ ಏರದಿದ್ದರೆ ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ, ಕರುಳಿನಲ್ಲಿ ಎಲ್ಲಾದರೂ ರಕ್ತ ಹೋಗುತ್ತಿದೆಯೇ, ಹೀರಿಕೆಯ ತೊಂದರೆ ಇದೆಯೇ ಎಂದು ವೈದ್ಯರು ಹುಡುಕಬೇಕಾಗುತ್ತದೆ.